ಒಂದು ಗಾಡಿ ಭತ್ತದ ಜಾಡು: ಲೆಕ್ಕಪರಿಶೋಧನೆಯಲ್ಲಿ ‘ವಾಕ್‌ಥ್ರೂ’

ಲೆಕ್ಕಪರಿಶೋಧಕರು ಖರೀದಿ ವಹಿ, ರೋಕಡ ವಹಿ, ಬ್ಯಾಂಕಿನ ತಖ್ತೆಗಳನ್ನು ಕೇಳುವುದು ಉದ್ದಿಮೆದಾರರಿಗೆ ಹೊಸದಲ್ಲ. ಆದರೆ ಇವುಗಳಲ್ಲಿ ಒಂದನ್ನೂ ತೆರೆಯದೆ ಗಿರಣಿಯ ಗೇಟಿನ ಬಳಿ ನಿಂತು, ತೂಕದ ಚೀಟಿ ಬರೆಯುವವನನ್ನು ಮಾತನಾಡಿಸತೊಡಗಿದರೆ ಮಾಲೀಕರಿಗೆ ಸಹಜವಾಗಿಯೇ ಅನುಮಾನ ಮೂಡುತ್ತದೆ. ಇದು ತನಿಖೆಯಲ್ಲ. ವ್ಯವಹಾರವೊಂದನ್ನು ಅದು ಹುಟ್ಟಿದ ಜಾಗದಿಂದ ಲೆಕ್ಕದ ಪುಸ್ತಕ ಸೇರುವವರೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸುವ ಈ ಕ್ರಮಕ್ಕೆ ಪರಿಶೋಧನೆಯ ಪರಿಭಾಷೆಯಲ್ಲಿ ‘ವಾಕ್‌ಥ್ರೂ’ ಎಂದು ಹೆಸರು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ‘ಎಸ್‌ಎ 315’ ಎಂಬ ಮಾನದಂಡವು 2008ರ ಏಪ್ರಿಲ್ 1ರಂದು ಅಥವಾ ಅನಂತರ ಆರಂಭವಾದ ಲೆಕ್ಕದ ಅವಧಿಗಳಿಗೆ ಜಾರಿಗೆ ಬಂದಿತು. ಗ್ರಾಹಕರ ಉದ್ಯಮವನ್ನು ಅರಿತು, ಲೆಕ್ಕಪತ್ರಗಳಲ್ಲಿ ಗಣನೀಯ ತಪ್ಪು ನುಸುಳಬಹುದಾದ ಸ್ಥಳಗಳನ್ನು ಮೊದಲೇ ಗುರುತಿಸಬೇಕೆಂದು ಅದು ವಿಧಿಸುತ್ತದೆ. ಇದಕ್ಕೆ ಕೇವಲ ವಿಚಾರಿಸಿ ತಿಳಿದರೆ ಸಾಲದು. ಕಣ್ಣಾರೆ ನೋಡಬೇಕು, ಕಾಗದವನ್ನೂ ಪರೀಕ್ಷಿಸಬೇಕು.

‘ಗಣನೀಯ ತಪ್ಪು’ ಎಂದರೆ ಯಾವುದು? ಅಢಾವೆ ಪತ್ರಿಕೆಯನ್ನು ನಂಬಿ ಸಾಲ ಕೊಡುವ ಬ್ಯಾಂಕು ಅಥವಾ ಬಂಡವಾಳ ಹೂಡುವ ಪಾಲುದಾರ, ಆ ತಪ್ಪು ತಿಳಿದಿದ್ದರೆ ಬೇರೆಯೇ ತೀರ್ಮಾನ ಕೈಗೊಳ್ಳುತ್ತಿದ್ದನೆಂದಾದರೆ ಅದು ಗಣನೀಯ. ಅದು ಮೋಸದಿಂದಲೇ ಆಗಬೇಕೆಂದಿಲ್ಲ. ನಮ್ಮ ಕಡೆಯ ಗಿರಣಿಗಳಲ್ಲಿ ಅದು ಹೆಚ್ಚಾಗಿ ತೇವಾಂಶದಿಂದ ಆಗುತ್ತದೆ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಕೆಳಗಿನ ಗದ್ದೆಗಳಿಂದ ಭತ್ತ ಕೊಳ್ಳುವ, ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಾಯಿತವಾದ ಒಂದು ಮಧ್ಯಮ ಗಾತ್ರದ ಅಕ್ಕಿ ಗಿರಣಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಇಲ್ಲಿ ಕೊಡುವ ತೂಕ ಮತ್ತು ದರಗಳು ವಿವರಣೆಗಾಗಿ ಮಾತ್ರ. ಕಟಾವು ಯಂತ್ರಗಳು ಬಂದ ಮೇಲೆ ಭತ್ತ ಕಣದಲ್ಲಿ ಒಣಗುವುದು ಕಡಿಮೆಯಾಗಿ, ಹಸಿಯಾಗಿಯೇ ಟ್ರ್ಯಾಕ್ಟರ್ ಏರಿ ಗಿರಣಿಗೆ ಬರುವುದು ಹೆಚ್ಚಾಗಿದೆ. ಆದುದರಿಂದ ಇಂತಹ ಗಿರಣಿಯ ವಾಕ್‌ಥ್ರೂಗೆ ಸುಗ್ಗಿಯ ಕಾಲವೇ ಪ್ರಶಸ್ತ. ಜುಲೈ ತಿಂಗಳಲ್ಲಿ ಬರುವ ಪರಿಶೋಧಕರಿಗೆ ಖಾಲಿ ಅಂಗಳ ಕಾಣುತ್ತದೆಯೇ ಹೊರತು ವ್ಯವಹಾರ ಕಾಣುವುದಿಲ್ಲ.

ಮೊದಲ ನಿಲ್ದಾಣ ವೇಬ್ರಿಡ್ಜ್. ಭತ್ತ ಸಹಿತ ಟ್ರೈಲರ್ 8,150 ಕಿಲೋ, ಇಳಿಸಿದ ಮೇಲೆ 3,150 ಕಿಲೋ. ನಿವ್ವಳ 50 ಕ್ವಿಂಟಲ್. ಇಲ್ಲಿ ಪರಿಶೋಧಕರು ಎಲ್ಲಿಂದ ನಡಿಗೆ ಆರಂಭಿಸುತ್ತಾರೆಂಬುದು ಬಹಳ ಮುಖ್ಯ. ಖರೀದಿ ವಹಿಯಲ್ಲಿನ ಒಂದು ನಮೂದನ್ನು ಹಿಡಿದು ಹಿಂದಕ್ಕೆ ಬಂದರೆ, ಬರೆದದ್ದು ನಿಜವೇ ಎಂಬುದು ಗೊತ್ತಾಗುತ್ತದೆ. ಬರೆಯದೇ ಬಿಟ್ಟದ್ದು ಎಂದಿಗೂ ಗೊತ್ತಾಗುವುದಿಲ್ಲ. ವಹಿಗೆ ಬಾರದ ಗಾಡಿ ಸಿಗಬೇಕಾದರೆ ಗೇಟಿನ ಪುಸ್ತಕದಿಂದ ಅಥವಾ ತೂಕದ ಚೀಟಿಯಿಂದ ಮುಂದಕ್ಕೆ ಹೋಗಬೇಕು. ಚೀಟಿಗಳಿಗೆ ಕ್ರಮಸಂಖ್ಯೆ ಇದೆಯೇ, ನಡುವೆ ಸಂಖ್ಯೆ ತಪ್ಪಿದೆಯೇ ಎಂಬುದನ್ನು ಇಲ್ಲಿಯೇ ನೋಡಿಕೊಳ್ಳುತ್ತಾರೆ. ಯಾವ ಗಾಡಿಯನ್ನು ಹಿಂಬಾಲಿಸಬೇಕೆಂಬ ಆಯ್ಕೆಯೂ ಪರಿಶೋಧಕರದೇ ಆಗಿರಬೇಕು. ಮಾಲೀಕರು ಆರಿಸಿಕೊಟ್ಟ ಗಾಡಿಯ ಕಾಗದಗಳು ಯಾವಾಗಲೂ ಸರಿಯಾಗಿಯೇ ಇರುತ್ತವೆ.

ಕೇಳುವ ಪ್ರಶ್ನೆಯೂ ಮುಖ್ಯ. ‘ನೀವು ಹೇಗೆ ತೂಕ ಮಾಡುತ್ತೀರಿ?’ ಎಂದು ಕೇಳಿದರೆ ನಿಯಮ ಹೇಳುತ್ತಾರೆ. ‘ಕರೆಂಟು ಹೋದಾಗ ಏನು ಮಾಡಿದಿರಿ?’ ಎಂದು ಕೇಳಿದರೆ ನಡೆದದ್ದು ಹೊರಬರುತ್ತದೆ. ‘ಕೈಲೇ ಚೀಟಿ ಬರ್ಕೊಡ್ತೀವಿ ಸಾರ್, ಆಮೇಲೆ ಕಂಪ್ಯೂಟ್ರಿಗೆ ಹಾಕ್ತೀವಿ’ ಎಂಬ ಉತ್ತರ ಬಂದರೆ, ಆ ಕೈಚೀಟಿಗಳಲ್ಲಿ ಎಷ್ಟು ಕಂಪ್ಯೂಟರಿಗೆ ಹೋದವು ಎಂದು ಯಾರು ತಾಳೆ ನೋಡುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಯಾರೂ ನೋಡುವುದಿಲ್ಲವೆಂದಾದರೆ ಒಂದು ಅಪಾಯಸ್ಥಾನ ಸಿಕ್ಕಿತು.

ಇನ್ನು ತೇವಾಂಶದ ವಿಷಯ. ನಮ್ಮ ಗಾಡಿಯ ಭತ್ತದಲ್ಲಿ ತೇವಾಂಶ ಮಾಪಕವು ಶೇಕಡಾ 20 ತೋರಿಸಿತು. ಮಾಲೀಕರು ರೈತರೊಡನೆ ಮಾತನಾಡಿ ಕ್ವಿಂಟಲಿಗೆ 4 ಕಿಲೋ ಕಡಿತ ಮಾಡಿ, 48 ಕ್ವಿಂಟಲಿಗೆ ತಲಾ ರೂ. 2,400ರಂತೆ ರೂ. 1,15,200 ಕೊಟ್ಟರು. ಗುಮಾಸ್ತರು ಖರೀದಿ ವಹಿಯಲ್ಲಿ 48 ಕ್ವಿಂಟಲ್ ಬರೆದರು; ದಾಸ್ತಾನು ವಹಿಗೂ ಅದೇ 48 ಹೋಯಿತು. ಮೇಲ್ನೋಟಕ್ಕೆ ಇದರಲ್ಲಿ ದೋಷವಿಲ್ಲ. ಚೀಟಿ, ವಹಿ, ಪಾವತಿ ಮೂರೂ ಹೊಂದುತ್ತವೆ.

ಆದರೆ ಭತ್ತವು ಡ್ರೈಯರಿಗೆ ಹೋಗಿ ಶೇಕಡಾ 14 ತೇವಾಂಶಕ್ಕೆ ಒಣಗಿದ ಮೇಲೆ ಎಷ್ಟು ಉಳಿಯುತ್ತದೆ? ಹಸಿ ಭತ್ತದ 50 ಕ್ವಿಂಟಲಿನಲ್ಲಿ ನೀರಲ್ಲದ ಭಾಗ 40 ಕ್ವಿಂಟಲ್. ಒಣಗಿದ ಭತ್ತದಲ್ಲಿ ಈ 40 ಕ್ವಿಂಟಲ್ ಎಂಬುದು ಶೇಕಡಾ 86 ಆಗುತ್ತದೆ. ಆದುದರಿಂದ ಒಟ್ಟು ತೂಕ 46.5 ಕ್ವಿಂಟಲ್. ತೇವಾಂಶ 6 ಅಂಶ ಇಳಿದರೆ ತೂಕವೂ ನೂರಕ್ಕೆ 6 ಇಳಿಯುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಇಳಿಯುವುದು ಸುಮಾರು 7. ಹೇಗೆ ನೋಡಿದರೂ, ವಹಿಯಲ್ಲಿ 48 ಇದ್ದು ಗೋದಾಮಿನಲ್ಲಿ 46.5 ಇದೆ. ಪ್ರತಿ ಗಾಡಿಗೂ ಒಂದೂವರೆ ಕ್ವಿಂಟಲ್ ಭತ್ತ ಕಾಗದದ ಮೇಲೆ ಮಾತ್ರ ಇದೆ.

ಸುಗ್ಗಿಯಲ್ಲಿ ಇದೇ ತೇವಾಂಶದ 20,000 ಕ್ವಿಂಟಲ್ ಭತ್ತ ಬಂದಿತೆನ್ನೋಣ. ವಹಿಯಲ್ಲಿ 19,200, ಒಣಗಿದ ಮೇಲೆ ನಿಜವಾಗಿ ಇರುವುದು ಸುಮಾರು 18,605. ವ್ಯತ್ಯಾಸ 595 ಕ್ವಿಂಟಲ್. ಗಿರಣಿಗೆ ಹಾಕುವ ಭತ್ತವನ್ನು ತೂಗಿಯೇ ಹಾಕುತ್ತಾರೆ, ಆದುದರಿಂದ ಬಳಕೆಯ ಲೆಕ್ಕದಲ್ಲಿ ತಪ್ಪಿಲ್ಲ. ಇದರ ಪರಿಣಾಮವೆಂದರೆ, ಇಲ್ಲದ 595 ಕ್ವಿಂಟಲ್ ಎಲ್ಲಿಯೂ ಕರಗದೆ ಮಾರ್ಚ್ 31ರ ದಾಸ್ತಾನಿನಲ್ಲಿ ಪೂರ್ತಿಯಾಗಿ ಉಳಿದುಬಿಡುತ್ತದೆ. ವಹಿಯ ಅಂಕಿಯನ್ನೇ ದಾಸ್ತಾನೆಂದು ತೋರಿಸಿದರೆ ರೂ. 14,28,000 ಮೌಲ್ಯದ ಆಸ್ತಿ ಹೆಚ್ಚಾಗಿ ಕಾಣುತ್ತದೆ. ಲಾಭವೂ ಅಷ್ಟೇ ಹೆಚ್ಚು. 30 ಲಕ್ಷ ರೂಪಾಯಿ ಲಾಭ ತೋರಿಸುವ ಗಿರಣಿಯಲ್ಲಿ ಅದರ ಅರ್ಧದಷ್ಟು ಲಾಭ ನೀರಿನದು. ಮಾಲೀಕರು ಅದರ ಮೇಲೆ ತೆರಿಗೆ ಕಟ್ಟುತ್ತಾರೆ, ಬ್ಯಾಂಕು ಅದರ ಮೇಲೆ ಸಾಲದ ಮಿತಿ ನಿಗದಿಪಡಿಸುತ್ತದೆ.

ಇದೇ ತಪ್ಪು ತಿರುಗಿಯೂ ಬೀಳಬಹುದು. 50 ಕ್ವಿಂಟಲಿಗೆ 5 ಕ್ವಿಂಟಲ್ ಕಡಿತ ಮಾಡಿ 45 ಎಂದು ಬರೆದಿದ್ದರೆ, ಒಣಗಿದ ಮೇಲೂ ವಹಿಗಿಂತ ಒಂದೂವರೆ ಕ್ವಿಂಟಲ್ ಹೆಚ್ಚೇ ಇರುತ್ತದೆ. ಲೆಕ್ಕಕ್ಕೆ ಸೇರದ ಈ ಭತ್ತ ಲೆಕ್ಕಕ್ಕೆ ಸೇರದ ಅಕ್ಕಿಯಾಗಿ ಹೊರಹೋಗಬಹುದು. ಮಾಲೀಕರಿಗೇ ತಿಳಿಯದಂತೆ ಹೋಗುವ ಸಾಧ್ಯತೆಯೂ ಇದೆ. ಪರಿಶೋಧಕರ ದೃಷ್ಟಿಯಲ್ಲಿ ಎರಡೂ ಅಪಾಯವೇ, ಆದರೆ ಹುಡುಕುವ ದಿಕ್ಕು ಬೇರೆ: ಮೊದಲನೆಯದರಲ್ಲಿ ದಾಸ್ತಾನು ಇದೆಯೇ ಎಂದು, ಎರಡನೆಯದರಲ್ಲಿ ಮಾರಾಟ ಪೂರ್ತಿ ಬಂದಿದೆಯೇ ಎಂದು. ವಹಿಗಳನ್ನು ಮಾತ್ರ ನೋಡಿದವರಿಗೆ ಯಾವ ದಿಕ್ಕು ಎಂಬುದೇ ತಿಳಿಯುವುದಿಲ್ಲ. ಗೇಟಿನ ತೂಕ, ಹಣ ಕೊಟ್ಟ ತೂಕ, ಡ್ರೈಯರಿನಿಂದ ಹೊರಬಂದ ತೂಕ ಇವು ಮೂರು ಬೇರೆ ಬೇರೆ ಸಂಖ್ಯೆಗಳೆಂಬುದು ಅಂಗಳದಲ್ಲಿ ನಡೆದಾಗ ಮಾತ್ರ ಹೊಳೆಯುತ್ತದೆ. ಮೂರನ್ನೂ ಬರೆದಿಡುವ ಗಿರಣಿಗಳು ವಿರಳ.

ಭತ್ತ ಅಕ್ಕಿಯಾಗುವ ಹಂತದಲ್ಲಿ ಒಂದು ವಸ್ತು ಹಲವಾಗುತ್ತದೆ. ಸರ್ಕಾರಕ್ಕಾಗಿ ಭತ್ತ ಅರೆದುಕೊಡುವಾಗ ಬೆಳ್ತಿಗೆ ಅಕ್ಕಿಗೆ ಶೇಕಡಾ 67, ಕುಸುಬಲಕ್ಕಿಗೆ ಶೇಕಡಾ 68 ಇಳುವರಿ ಎಂಬುದು ರೂಢಿಯಲ್ಲಿರುವ ಪ್ರಮಾಣ. ಉಳಿದದ್ದರಲ್ಲಿ ಹೊಟ್ಟು ಸುಮಾರು ಐದನೇ ಒಂದು ಭಾಗ, ತೌಡು ನೂರಕ್ಕೆ ಆರೆಂಟು. ಅಕ್ಕಿಗೆ ಬಿಲ್ಲು ಇರುತ್ತದೆ. ತೌಡು, ಹೊಟ್ಟು, ನುಚ್ಚುಗಳಿಗೆ ಇರುತ್ತದೆಯೇ? ತೌಡು ಎಣ್ಣೆ ಕಾರ್ಖಾನೆಗೆ ಲಾರಿಯಲ್ಲಿ ಹೋದರೆ ದಾಖಲೆ ಉಳಿದೀತು. ದನ ಸಾಕುವವರು ಚೀಲ ಹೊತ್ತು ಒಯ್ದರೆ ನಗದು ಯಾರ ಕೈ ಸೇರಿತು, ಸಂಜೆ ಯಾರಿಗೆ ಒಪ್ಪಿಸಿದರು ಎಂಬುದನ್ನು ಆ ವ್ಯಕ್ತಿಯನ್ನೇ ಕೇಳಬೇಕು. ಅನಂತರ ತಿಂಗಳುವಾರು ತೌಡಿನ ಮಾರಾಟವನ್ನು ಅರೆದ ಭತ್ತದೊಂದಿಗೂ, ಅರೆದ ಭತ್ತವನ್ನು ವಿದ್ಯುತ್ ಬಿಲ್ಲಿನ ಯೂನಿಟ್ಟುಗಳೊಂದಿಗೂ ಹೋಲಿಸಿದರೆ ಸಾಕು. ಯೂನಿಟ್ಟು ಏರಿ ಅಕ್ಕಿ ಏರದ ತಿಂಗಳು ಉತ್ತರ ಬೇಡುತ್ತದೆ. ಆ ಉತ್ತರ ಪ್ರಾಮಾಣಿಕವಾಗಿಯೇ ಇರಬಹುದು: ರೈತರ ಭತ್ತವನ್ನು ಕೂಲಿಗೆ ಅರೆದುಕೊಟ್ಟಿರಬಹುದು.

ಕೂಲಿಗೆ ಬಂದ ಭತ್ತವಿದ್ದರೆ ಗೋದಾಮಿನಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ರೈತರ ಮೂಟೆ, ಸರ್ಕಾರದ ಮೂಟೆ, ಗಿರಣಿಯ ಸ್ವಂತ ಮೂಟೆ ಒಂದೇ ಬಗೆಯ ಚೀಲದಲ್ಲಿ, ಒಂದೇ ಸೂರಿನಡಿ ಇರುತ್ತವೆ. ಬೇರೆಯವರ ಭತ್ತ ಗಿರಣಿಯ ಆಸ್ತಿಯಲ್ಲ. ಗುರುತು ಹಾಕಿ ಬೇರೆ ಅಟ್ಟಿ ಕಟ್ಟದಿದ್ದರೆ, ಮೇಲೆ ಹೇಳಿದ 595 ಕ್ವಿಂಟಲಿನ ಕೊರತೆಯನ್ನು ಎಣಿಕೆಯ ದಿನ ಇತರರ ಮೂಟೆಗಳು ಸದ್ದಿಲ್ಲದೆ ತುಂಬಿಬಿಡುತ್ತವೆ.

ಕಾಗದಗಳು ಹೊಂದಿದ ಮಾತ್ರಕ್ಕೆ ಸರಕು ಇದೆಯೆಂದಲ್ಲ ಎಂಬ ಪಾಠವನ್ನು ಪರಿಶೋಧನಾ ವೃತ್ತಿ 1938ರಲ್ಲಿ ದುಬಾರಿಯಾಗಿ ಕಲಿಯಿತು. ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಯ ಸುಮಾರು 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಡಾಲರಿನಷ್ಟು ದಾಸ್ತಾನು ಮತ್ತು ಬರಬೇಕಾದ ಬಾಕಿ ಬರೀ ಕಲ್ಪಿತವಾಗಿತ್ತು. ಬಿಲ್ಲುಗಳು, ಆದೇಶಗಳು, ಪತ್ರಗಳು ಎಲ್ಲವೂ ಇದ್ದವು. ಕೆನಡಾದ ಗೋದಾಮುಗಳಲ್ಲಿ ಇದೆಯೆಂದ ಸರಕನ್ನು ಹೋಗಿ ನೋಡಿದವರು ಇರಲಿಲ್ಲ.

ವಾಕ್‌ಥ್ರೂಗೆ ಮಿತಿಯೂ ಇದೆ. ಒಂದು ಗಾಡಿಯ ಜಾಡು ಹಿಡಿದರೆ ವ್ಯವಸ್ಥೆ ಹೇಗಿದೆ, ಅದು ಜಾರಿಯಲ್ಲಿದೆಯೇ ಎಂದು ತಿಳಿಯುತ್ತದೆ. ವರ್ಷವಿಡೀ ಹಾಗೆಯೇ ನಡೆಯಿತೆಂದು ತಿಳಿಯುವುದಿಲ್ಲ. ಪರಿಶೋಧಕರು ಬಂದ ದಿನ ಎಲ್ಲರೂ ನಿಯಮ ಪಾಲಿಸುತ್ತಾರೆ. ಆದುದರಿಂದ ಕಣ್ಣೆದುರಿನ ಗಾಡಿಯ ಜೊತೆಗೆ ತಿಂಗಳ ಹಿಂದಿನ ಒಂದು ಗಾಡಿಯ ಕಾಗದಗಳನ್ನೂ ತೆಗೆಸಿ ನೋಡುವುದು ಒಳ್ಳೆಯ ಪದ್ಧತಿ. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಗಳ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಾಗಿರುವುದರಿಂದ, ಆ ಗಾಡಿಯ ತೂಕವನ್ನು ಅನಂತರ ಯಾರಾದರೂ ಬದಲಿಸಿದ್ದಾರೆಯೇ ಎಂಬುದೂ ಕಾಣುತ್ತದೆ. ಮಾಲೀಕರೇ ದಿನವಿಡೀ ಅಂಗಳದಲ್ಲಿ ನಿಲ್ಲುವ ಸಣ್ಣ ಗಿರಣಿಗಳಲ್ಲಿ ಅವರ ಕಣ್ಣೇ ದೊಡ್ಡ ಕಾವಲು. ಆದರೆ ಕಣ್ಣಿಗೆ ತೇವಾಂಶ ಕಾಣದು, ಮತ್ತು ಮಾಲೀಕರ ಮೇಲೆಯೇ ಕಾವಲು ಇರುವುದಿಲ್ಲ.

ನಡೆದು ನೋಡಿದ್ದನ್ನು ಪರಿಶೋಧಕರು ಒಂದೆರಡು ಪುಟಗಳಲ್ಲಿ ಬರೆದು, ಸರಿಯೇ ಎಂದು ಗಿರಣಿಯವರಿಗೆ ತೋರಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಆ ಬರಹದಿಂದ ಮುಂದಿನ ಕೆಲಸ ತಾನಾಗಿ ನಿಗದಿಯಾಗುತ್ತದೆ. ಮಾರ್ಚ್ 31ರ ಎಣಿಕೆಗೆ ಪರಿಶೋಧಕರು ಖುದ್ದಾಗಿ ಬರುತ್ತಾರೆ, ಹತ್ತಾರು ಅಟ್ಟಿಗಳಲ್ಲಿ ಮಾಪಕ ಚುಚ್ಚಿ ತೇವಾಂಶ ನೋಡುತ್ತಾರೆ, ಬೇರೆಯವರ ಮೂಟೆಗಳಿಗೆ ಅವರಿಂದಲೇ ದೃಢೀಕರಣ ಪಡೆಯುತ್ತಾರೆ, ಕೈಚೀಟಿಗಳನ್ನು ಕಂಪ್ಯೂಟರ್ ಚೀಟಿಗಳೊಂದಿಗೆ ಒಂದು ವಾರದ ಮಟ್ಟಿಗೆ ಪೂರ್ತಿ ತಾಳೆ ನೋಡುತ್ತಾರೆ. ಸಂಬಳದ ಪಟ್ಟಿ, ಗೋಣಿಚೀಲದ ಖರ್ಚುಗಳಂತಹ ಅಪಾಯ ಕಡಿಮೆಯಿರುವ ಕಡೆ ಅಷ್ಟೇ ಸಮಯ ಉಳಿಯುತ್ತದೆ. ಗಿರಣಿಯವರ ಪಾಲಿಗೆ ಉಳಿಯುವ ಕೆಲಸ ಒಂದೇ: ದಾಸ್ತಾನು ವಹಿಯಲ್ಲಿ ಡ್ರೈಯರಿನಿಂದ ಹೊರಬಂದ ತೂಕಕ್ಕೆ ಒಂದು ಅಂಕಣ ಹೆಚ್ಚಿಸಿ, ಒಣಗಿ ಹೋದ ತೂಕವನ್ನು ಅಂದಂದೇ ಕಳೆಯುವುದು.