ನ್ಯುಮೋನಿಯಾ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಅತ್ತೆಯವರು ಡಿಸ್ಚಾರ್ಜ್ ಆಗಿ ಮನೆಗೆ ಬಂದಿದ್ದಾರೆ. ಜ್ವರ ಬಿಟ್ಟಿದೆ, ಕೆಮ್ಮು ಬಿಟ್ಟಿಲ್ಲ. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ನೋಡಲು ಬಂದವರು "ಪೂರ್ತಿ ಗುಣವಾಗುವ ಮೊದಲೇ ಕಳಿಸಿಬಿಟ್ಟರಲ್ಲ" ಎನ್ನುತ್ತಾರೆ. ನಿಮಗೂ ಹಾಗೆಯೇ ಅನಿಸಿರಬಹುದು.

ಆ್ಯಂಟಿಬಯೋಟಿಕ್ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಶ್ವಾಸಕೋಶದ ಗಾಳಿಚೀಲಗಳಲ್ಲಿ ತುಂಬಿದ ಕೀವು, ಕಫವನ್ನು ಹೊರಹಾಕುವ ಕೆಲಸ ದೇಹದ್ದೇ. ಕೆಮ್ಮು ಅದಕ್ಕಾಗಿಯೇ ಇರುತ್ತದೆ. ಸಾಮಾನ್ಯವಾಗಿ ಮೊದಲ ವಾರದಲ್ಲಿ ಜ್ವರ ಇಳಿಯುತ್ತದೆ. 4 ವಾರಗಳಲ್ಲಿ ಎದೆನೋವು ಮತ್ತು ಕಫ ಬಹಳ ಕಡಿಮೆಯಾಗುತ್ತವೆ, 6 ವಾರಗಳಲ್ಲಿ ಕೆಮ್ಮು ಮತ್ತು ಏದುಸಿರು. ಸುಸ್ತು ಮಾತ್ರ 3 ತಿಂಗಳಾದರೂ ಉಳಿಯಬಹುದು. ಆದ್ದರಿಂದ ನಮಾಝನ್ನು ಕುಳಿತೇ ನಿರ್ವಹಿಸಲಿ, ಅಡುಗೆಮನೆಗೆ ಮರಳಲು ಅವಸರ ಬೇಡ. ಮಾತ್ರೆಯನ್ನು ಮಾತ್ರ ವೈದ್ಯರು ಬರೆದಷ್ಟು ದಿನ ಪೂರ್ತಿ ಕೊಡಿ.

ಹಾಗಾದರೆ ಯಾವಾಗ ಹೆದರಬೇಕು? ನನಗೆ ತಿಳಿದ ಒಂದು ಮನೆಯಲ್ಲಿ 68 ವರ್ಷದ ಅಜ್ಜಿ ಮನೆಗೆ ಬಂದ 5ನೇ ದಿನದಿಂದ ಹೆಚ್ಚು ಮಲಗತೊಡಗಿದರು. ಸುಸ್ತಿಗೆ ನಿದ್ದೆ ಒಳ್ಳೆಯದೆಂದು ಯಾರೂ ಎಬ್ಬಿಸಲಿಲ್ಲ. ಮರುದಿನ ಅವರು ಝುಹರ್ ನಮಾಝ್ ಆಯಿತೇ ಎಂದು ನಾಲ್ಕು ಬಾರಿ ಕೇಳಿದರು. ಮೈ ಬಿಸಿ ಇರಲಿಲ್ಲ. ಸೊಸೆ ಗಡಿಯಾರ ನೋಡಿ ಉಸಿರನ್ನು ಎಣಿಸಿದರು: ನಿಮಿಷಕ್ಕೆ 32! ಕೂಡಲೇ ಆಸ್ಪತ್ರೆಗೆ ಒಯ್ದರು. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸೂಜಿ ಹಾಕಿ ತೆಗೆಯಬೇಕಾಯಿತು.

ವೃದ್ಧರಲ್ಲಿ ಸೋಂಕು ಮರುಕಳಿಸಿದಾಗ ಜ್ವರ ಬರದೆಯೂ ಇರಬಹುದು. ಮಂಪರು, ಗೊಂದಲ, ಊಟ ಬೇಡವೆನ್ನುವುದೇ ಮೊದಲ ಸೂಚನೆಯಾಗಬಹುದು. ಉಸಿರೆಣಿಸುವುದು ಸುಲಭ. ನಾಡಿ ನೋಡುವವರಂತೆ ಕೈ ಹಿಡಿದು, ಅವರಿಗೆ ಹೇಳದೆ, ಎದೆ ಏರುವುದನ್ನು ಪೂರ್ತಿ 1 ನಿಮಿಷ ಎಣಿಸಿ. ತಿಳಿದರೆ ಉಸಿರಿನ ಲಯ ಬದಲಾಗುತ್ತದೆ. ವಿಶ್ರಾಂತಿಯಲ್ಲಿರುವ ದೊಡ್ಡವರಲ್ಲಿ 12ರಿಂದ 20 ಸಹಜ. 25 ದಾಟಿದರೆ ಅಂದೇ ವೈದ್ಯರಿಗೆ ತೋರಿಸಿ. 30 ಮುಟ್ಟಿದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಕಫದಲ್ಲಿ ರಕ್ತ ಬಂದರೆ ಅಥವಾ ಮಾತು ಗೊಂದಲವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಟ್ಟ ಜ್ವರ ಚಳಿಯೊಂದಿಗೆ ಮತ್ತೆ ಬಂದರೆ, ಉಸಿರೆಳೆದಾಗ ಒಂದು ಬದಿಯಲ್ಲಿ ಚುಚ್ಚುವ ನೋವು ಹೆಚ್ಚುತ್ತಾ ಹೋದರೆ, ಅದನ್ನೂ ಅಂದೇ ತೋರಿಸಬೇಕು.

ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ, ಉಗುರಿಗೆ ಬಣ್ಣವಾಗಲಿ ಕಪ್ಪು ಮೆಹಂದಿಯಾಗಲಿ ಇರಬಾರದು, ಅಂಕಿ ತಪ್ಪಾಗಬಹುದು. ಮೊದಲೇ ಶ್ವಾಸಕೋಶದ ಹಳೆಯ ಕಾಯಿಲೆ ಇಲ್ಲದವರಲ್ಲಿ ಅದು 92ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೇ ಹೋಗಬೇಕು.

50 ದಾಟಿದವರಿಗೆ, ಬೀಡಿ-ಸಿಗರೇಟಿನ ಅಭ್ಯಾಸವಿರುವವರಿಗೆ 6 ವಾರಗಳ ನಂತರ ಮತ್ತೊಮ್ಮೆ ಎಕ್ಸ್‌ರೇ ತೆಗೆಯಲು ವೈದ್ಯರು ಹೇಳುವುದುಂಟು. ಕೆಮ್ಮು ನಿಂತಿತೆಂದು ಇದನ್ನು ಬಿಡಬೇಡಿ. ನ್ಯುಮೋನಿಯಾದ ನೆರಳಿನ ಹಿಂದೆ ಗೆಡ್ಡೆಯೊಂದು ಅಡಗಿದ್ದರೆ, ನೆರಳು ಕರಗಿದ ಮೇಲಷ್ಟೇ ಅದು ಕಾಣಿಸುತ್ತದೆ. ಹೋಗುವಾಗ ಡಿಸ್ಚಾರ್ಜ್ ಚೀಟಿ ಮತ್ತು ಹಳೆಯ ಎಕ್ಸ್‌ರೇ ಜೊತೆಗಿರಲಿ.