ಒಂದು ಮೈಕ್ರೋಲೀಟರ್ ನೀರು ಒಂದು ಮಿಲಿಗ್ರಾಂ ತೂಗುವುದಿಲ್ಲ

ಒಂದು ಮಿಲಿಲೀಟರ್ ನೀರಿನ ತೂಕ ಒಂದು ಗ್ರಾಂ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಸಾವಿರ ಪಾಲು ಮಾಡಿದರೆ ಒಂದು ಮೈಕ್ರೋಲೀಟರ್ ನೀರಿಗೆ ಒಂದು ಮಿಲಿಗ್ರಾಂ ಆಗಬೇಕು. ಮನೆಬಳಕೆಗೆ ಈ ಲೆಕ್ಕ ಸಾಕು. ಪ್ರಯೋಗಾಲಯದ ಮೈಕ್ರೋಪಿಪೆಟ್ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡುವವರು ಇದನ್ನೇ ನಂಬಿದರೆ, ಚೆನ್ನಾಗಿರುವ ಪಿಪೆಟ್ ಕೆಟ್ಟಿದೆ ಎಂದೂ ಕೆಟ್ಟಿರುವುದು ಚೆನ್ನಾಗಿದೆ ಎಂದೂ ತೀರ್ಮಾನಿಸಿಬಿಡಬಹುದು. ಹೇಗೆಂದು ಒಂದು ಉದಾಹರಣೆಯ ಮೂಲಕ ನೋಡೋಣ.

ಹಿಂದೆ ಗಾಜಿನ ನಳಿಕೆಯನ್ನು ಬಾಯಲ್ಲಿಟ್ಟು ದ್ರವವನ್ನು ಹೀರಿ ಅಳೆಯುತ್ತಿದ್ದರು. ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಹೈನ್ರಿಶ್ ಶ್ನಿಟ್ಗರ್ 1957ರಲ್ಲಿ ಆ ಪದ್ಧತಿಗೆ ಬದಲಾಗಿ ಹೆಬ್ಬೆರಳಿನಿಂದ ಒತ್ತುವ ಪಿಸ್ಟನ್ ಪಿಪೆಟ್ ರೂಪಿಸಿದರು. ಇಂದಿನ ಪಿಪೆಟ್ಟಿನ ಒಳಗೂ ಅದೇ ಏರ್ಪಾಡಿದೆ. ಗುಂಡಿ ಒತ್ತಿದಾಗ ಪಿಸ್ಟನ್ ಕೆಳಗಿಳಿದು ಒಂದಿಷ್ಟು ಗಾಳಿಯನ್ನು ಹೊರಗೆ ತಳ್ಳುತ್ತದೆ. ಬೆರಳು ಸಡಿಲಿಸಿದಾಗ ಅಷ್ಟೇ ಜಾಗಕ್ಕೆ ದ್ರವ ಏರಿ ತುದಿಯ ಪ್ಲಾಸ್ಟಿಕ್ ಟಿಪ್ ತುಂಬುತ್ತದೆ. ದ್ರವವು ಪಿಸ್ಟನ್ನನ್ನು ಮುಟ್ಟುವುದೇ ಇಲ್ಲ, ಎರಡರ ನಡುವೆ ಗಾಳಿಯ ಪದರವಿರುತ್ತದೆ. ಪಿಪೆಟ್ಟಿನ ಬಹುಪಾಲು ಚಂಚಲತೆಗೆ ಈ ಪದರವೇ ಕಾರಣ. ಅಂಗೈಯ ಬಿಸಿ ತಾಗಿದರೆ ಗಾಳಿ ಹಿಗ್ಗಿ ದ್ರವ ಕಡಿಮೆ ಏರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ದ್ರವದ ಭಾರಕ್ಕೆ ಈ ಪದರ ತುಸು ಹೆಚ್ಚು ಜಗ್ಗುತ್ತದೆ. ಹಾಗಾಗಿ ಕಾರ್ಖಾನೆಯಿಂದ ಪೆಟ್ಟಿಗೆಯೊಳಗೆ ಬಂದ ಪ್ರಮಾಣಪತ್ರವನ್ನಷ್ಟೇ ನೆಚ್ಚಿಕೊಳ್ಳದೆ, ಬಳಸುವ ಊರಿನಲ್ಲೇ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ನಮ್ಮ ಉದಾಹರಣೆಯ ಪಿಪೆಟ್ 20ರಿಂದ 200 ಮೈಕ್ರೋಲೀಟರ್‌ವರೆಗೆ ಅಳೆಯುವಂಥದ್ದು. 200 ಮೈಕ್ರೋಲೀಟರ್ ಎಂದರೆ ಸುಮಾರು ನಾಲ್ಕು ಹನಿ ನೀರು. ಇಷ್ಟನ್ನು ಅಳತೆ ಪಾತ್ರೆಯಲ್ಲಿ ನೋಡಿ ಹೇಳುವುದು ಸಾಧ್ಯವಿಲ್ಲ, ತೂಕ ಮಾಡಿದರೆ ಸಾಧ್ಯ. ಗ್ರಾಂನಲ್ಲಿ ದಶಮಾಂಶದ ಮುಂದೆ ನಾಲ್ಕು ಅಂಕಿ ತೋರಿಸುವ, ಅಂದರೆ 0.1 ಮಿಲಿಗ್ರಾಂವರೆಗೆ ಓದುವ ವಿದ್ಯುನ್ಮಾನ ತಕ್ಕಡಿ ಈ ಗಾತ್ರಕ್ಕೆ ಸಾಕು.

ತಯಾರಿಯಲ್ಲಿ ಮುಖ್ಯವಾದದ್ದು ಉಷ್ಣತೆ. ಭಟ್ಟಿ ಇಳಿಸಿದ ನೀರು, ಪಿಪೆಟ್, ಟಿಪ್‌ಗಳು ಎಲ್ಲವೂ ಕನಿಷ್ಠ ಎರಡು ಗಂಟೆ ತಕ್ಕಡಿಯ ಕೋಣೆಯಲ್ಲೇ ಇದ್ದು ಒಂದೇ ಉಷ್ಣತೆಗೆ ಬರಬೇಕು. ಆಮೇಲೆ ಥರ್ಮಾಮೀಟರನ್ನು ಆ ನೀರಿನಲ್ಲೇ ಅದ್ದಿ ಉಷ್ಣತೆಯನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಅದು 25 ಡಿಗ್ರಿ ಸೆಲ್ಸಿಯಸ್. ಫ್ಯಾನ್ ನಿಲ್ಲಿಸಿರಬೇಕು, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿರಬೇಕು.

ಹೊಸ ಟಿಪ್ ಹಾಕಿ ಐದು ಬಾರಿ ನೀರು ಹೀರಿ ಹೊರಹಾಕಿದರೆ ಒಳಗಿನ ಗಾಳಿ ತೇವಗೊಳ್ಳುತ್ತದೆ. ಒಣ ಗಾಳಿಯಿದ್ದರೆ ಹೀರಿದ ನೀರಿನ ಸ್ವಲ್ಪ ಭಾಗ ಅದರೊಳಗೇ ಆವಿಯಾಗುವುದರಿಂದ ಮೊದಲ ಅಳತೆಗಳು ಕಡಿಮೆ ಬರುತ್ತವೆ. ಇನ್ನು ಅಳೆಯುವಾಗ ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿ, ಪಿಪೆಟ್ಟನ್ನು ನೆಟ್ಟಗೆ ಹಿಡಿದು, ಟಿಪ್ಪನ್ನು ಎರಡು ಮೂರು ಮಿಲಿಮೀಟರ್ ಮಾತ್ರ ಅದ್ದಬೇಕು. ಗುಂಡಿಯನ್ನು ನಿಧಾನವಾಗಿ ಬಿಟ್ಟು, ಒಂದು ಕ್ಷಣ ಕಾದು ಮೇಲೆತ್ತಬೇಕು. ತಕ್ಕಡಿಯ ಮೇಲಿನ ಚಿಕ್ಕ ಪಾತ್ರೆಯ ಒಳಗೋಡೆಗೆ ಟಿಪ್ ತಾಗಿಸಿ, ಮೊದಲ ತಡೆಯವರೆಗೂ ಆಮೇಲೆ ಎರಡನೆಯ ತಡೆಯವರೆಗೂ ಒತ್ತಿ ನೀರು ಬಿಡಬೇಕು. ಅಂಕಿ ನಿಂತ ಮೇಲೆ ಬರೆದುಕೊಂಡು, ತಕ್ಕಡಿಯನ್ನು ಸೊನ್ನೆಗೆ ತಂದು ಮುಂದಿನ ಸುತ್ತಿಗೆ ಹೋಗಬೇಕು. ಹೀಗೆ ಹತ್ತು ಬಾರಿ, ಒಂದೇ ಲಯದಲ್ಲಿ.

ಬಂದ ಹತ್ತು ತೂಕಗಳು, ಮಿಲಿಗ್ರಾಂಗಳಲ್ಲಿ, ಇವು ಎಂದಿಟ್ಟುಕೊಳ್ಳೋಣ:

197.8, 197.5, 198.1, 197.6, 197.9, 197.4, 197.8, 198.0, 197.5, 197.9

ಇವುಗಳ ಸರಾಸರಿ 197.75. ಶಾಲೆಯ ಲೆಕ್ಕದಂತೆ ಹೋದರೆ ಪಿಪೆಟ್ 200ರ ಬದಲು 197.75 ಮೈಕ್ರೋಲೀಟರ್ ಕೊಟ್ಟಿದೆ. ಅಂದರೆ ಶೇ 1.13ರಷ್ಟು ಕಡಿಮೆ. ಪಿಸ್ಟನ್ ಪಿಪೆಟ್‌ಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8655ರ ಪ್ರಕಾರ ಇಂಥ 200 ಮೈಕ್ರೋಲೀಟರ್ ಪಿಪೆಟ್ ಪೂರ್ಣ ಗಾತ್ರದಲ್ಲಿ ಶೇ 0.8ಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಹಾಗಾದರೆ ಇದು ನಪಾಸು. ಆದರೆ ಲೆಕ್ಕ ಇನ್ನೂ ಮುಗಿದಿಲ್ಲ.

ಮೊದಲನೆಯದು, ಆವಿಯಾದ ನೀರು. ಒಂದು ಸುತ್ತು ಮುಗಿದು ತೂಕ ಓದುವಷ್ಟರಲ್ಲಿ ಪಾತ್ರೆಯಿಂದ ಒಂದಿಷ್ಟು ನೀರು ಗಾಳಿಗೆ ಹೋಗಿರುತ್ತದೆ. ಅದೆಷ್ಟು ಎಂದು ತಿಳಿಯಲು, ನೀರು ಹಾಕದೆ ಉಳಿದೆಲ್ಲ ಕೈಚಲನೆಯನ್ನೂ ಅದೇ ಲಯದಲ್ಲಿ ಹತ್ತು ಸುತ್ತು ಮಾಡಿ ತೂಕ ಎಷ್ಟು ಇಳಿಯಿತೆಂದು ನೋಡಬೇಕು. ಅದು 1.0 ಮಿಲಿಗ್ರಾಂ ಇಳಿದಿದ್ದರೆ ಸುತ್ತಿಗೆ 0.1 ಮಿಲಿಗ್ರಾಂ ಆಯಿತು. ಅದನ್ನು ಸರಾಸರಿಗೆ ಕೂಡಿದರೆ 197.85.

ಎರಡನೆಯದು, ತೂಕದಿಂದ ಗಾತ್ರಕ್ಕೆ ಬರುವ ದಾರಿ. ನೀರು ಬಿಸಿಯಾದಂತೆ ಹಿಗ್ಗುತ್ತದೆ. 25 ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ನೀರಿನಲ್ಲಿರುವುದು 1 ಗ್ರಾಂ ಅಲ್ಲ, 0.997 ಗ್ರಾಂ. ಅದರ ಜೊತೆಗೆ ಗಾಳಿಯ ತೇಲುಬಲವೂ ಇದೆ. ತಕ್ಕಡಿಯನ್ನು ಉಕ್ಕಿನ ತೂಕದ ಬಟ್ಟಿನಿಂದ ಸರಿಪಡಿಸಿರುತ್ತಾರೆ. ಅಷ್ಟೇ ತೂಕದ ನೀರು ಉಕ್ಕಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ಹೆಚ್ಚು ಗಾಳಿಯನ್ನು ಪಕ್ಕಕ್ಕೆ ಸರಿಸುತ್ತದೆ, ಆದ್ದರಿಂದ ತಕ್ಕಡಿಗೆ ಸಾವಿರಕ್ಕೆ ಒಂದು ಪಾಲಿನಷ್ಟು ಹಗುರವಾಗಿ ಕಾಣುತ್ತದೆ. ಇವೆರಡನ್ನೂ ಸೇರಿಸಿ ಒಂದೇ ಗುಣಕವನ್ನಾಗಿ ಮಾಡಿಟ್ಟಿದ್ದಾರೆ, ಅದರ ಹೆಸರು ಜೆಡ್ ಗುಣಕ. ಉಷ್ಣತೆ, ಒತ್ತಡಗಳಿಗೆ ತಕ್ಕಂತೆ ಅದರ ಪಟ್ಟಿಗಳು ಸಿಗುತ್ತವೆ. 25 ಡಿಗ್ರಿಯಲ್ಲಿ ಸಮುದ್ರಮಟ್ಟದ ಮಂಗಳೂರಿನಲ್ಲಿ ಅದು 1.0040, ಗಾಳಿ ತೆಳುವಾಗಿರುವ ಬೆಂಗಳೂರಿನಲ್ಲಿ 1.0039. ಊರಿನಿಂದ ಊರಿಗೆ ಆಗುವ ವ್ಯತ್ಯಾಸ ತೀರ ಚಿಕ್ಕದು. ಗುಣಕವನ್ನೇ ಬಿಟ್ಟುಬಿಟ್ಟರೆ ಮಾತ್ರ ಶೇ 0.4ರಷ್ಟು ತಪ್ಪುತ್ತದೆ, ನಮಗಿರುವ ಮಿತಿಯ ಅರ್ಧವೇ ಅಲ್ಲಿ ಹೋಯಿತು.

ಬೆಂಗಳೂರಿನ ಗುಣಕ ಹಾಕಿದರೆ:

ಸರಾಸರಿ ಗಾತ್ರ = 197.85 × 1.0039 = 198.62 ಮೈಕ್ರೋಲೀಟರ್

ಶೇಕಡಾ ದೋಷ = (ಸರಾಸರಿ ಗಾತ್ರ − ನಿಗದಿತ ಗಾತ್ರ) ÷ ನಿಗದಿತ ಗಾತ್ರ × 100
= (198.62 − 200) ÷ 200 × 100 = −0.69

ಪಿಪೆಟ್ ಶೇ 0.69ರಷ್ಟು ಕಡಿಮೆ ಕೊಡುತ್ತಿದೆ, ಮಿತಿ 0.8. ನಪಾಸಾಗಿದ್ದದ್ದು ಪಾಸಾಯಿತು. ಇದರ ಉಲ್ಟಾ ಇನ್ನೂ ಅಪಾಯಕಾರಿ. ನಿಜಕ್ಕೂ 202 ಮೈಕ್ರೋಲೀಟರ್ ಕೊಡುವ ಪಿಪೆಟ್ ಶೇ 1ರಷ್ಟು ಹೆಚ್ಚು ಕೊಡುತ್ತಿರುತ್ತದೆ, ಅದು ನಪಾಸಾಗಬೇಕು. ಅದರ ನೀರು ತಕ್ಕಡಿಯಲ್ಲಿ ಸುಮಾರು 201.2 ಮಿಲಿಗ್ರಾಂ ತೂಗುತ್ತದೆ. ಗುಣಕ ಹಾಕದವರಿಗೆ ಅದು ಶೇ 0.6ರ ದೋಷವಾಗಿ ಕಂಡು, ಪಿಪೆಟ್ ಬಳಕೆಯಲ್ಲೇ ಉಳಿಯುತ್ತದೆ.

ಮೇಲಿನ ಚಿಹ್ನೆಯನ್ನು ಕೈಬಿಡಬಾರದು. ಋಣ ಚಿಹ್ನೆಯಿದ್ದರೆ ಪಿಪೆಟ್ ಕಡಿಮೆ ಕೊಡುತ್ತಿದೆ, ಧನವಾದರೆ ಹೆಚ್ಚು. ಸೋರಿಕೆ, ಸಡಿಲ ಟಿಪ್, ಅಂಗೈಯ ಬಿಸಿ ಇವೆಲ್ಲ ಸಾಮಾನ್ಯವಾಗಿ ಅಳತೆಯನ್ನು ಕಡಿಮೆ ಕಡೆಗೇ ಎಳೆಯುತ್ತವೆ. ಹೀರುವಾಗಲೂ ಎರಡನೆಯ ತಡೆಯವರೆಗೆ ಒತ್ತಿಬಿಡುವುದು, ಟಿಪ್ಪನ್ನು ಆಳವಾಗಿ ಅದ್ದಿ ಹೊರಮೈಗೆ ನೀರು ಅಂಟಿಸಿಕೊಳ್ಳುವುದು ಅಳತೆಯನ್ನು ಹೆಚ್ಚಿಸುತ್ತವೆ.

ಇಷ್ಟು ಹೊತ್ತು ನೋಡಿದ್ದು ನಿಖರತೆಯನ್ನು, ಅಂದರೆ ಸರಾಸರಿಯು ನಿಗದಿತ ಗಾತ್ರಕ್ಕೆ ಎಷ್ಟು ಹತ್ತಿರ ಎಂಬುದನ್ನು. ಹತ್ತೂ ಅಳತೆಗಳು ಒಂದಕ್ಕೊಂದು ಎಷ್ಟು ಹತ್ತಿರ ಎಂಬುದು ಬೇರೆ ಪ್ರಶ್ನೆ. ಪ್ರಯೋಗಾಲಯದವರು ಅದನ್ನು ಪ್ರಿಸಿಷನ್ ಎನ್ನುತ್ತಾರೆ. ಅದಕ್ಕಾಗಿ ಪ್ರತಿ ತೂಕವೂ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಕಂಡುಹಿಡಿದು, ಆ ಅಂತರಗಳನ್ನು ವರ್ಗ ಮಾಡಿ ಕೂಡಬೇಕು. ನಮ್ಮ ಹತ್ತು ಅಂಕಿಗಳಿಗೆ ಆ ಮೊತ್ತ 0.505. ಅದನ್ನು ಹತ್ತಕ್ಕಿಂತ ಒಂದು ಕಡಿಮೆ, ಅಂದರೆ 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.237 ಮಿಲಿಗ್ರಾಂ ಬರುತ್ತದೆ, ಇದೇ ಮಾನಕ ವಿಚಲನೆ. ಗುಣಕ ಹಾಕಿದರೆ 0.238 ಮೈಕ್ರೋಲೀಟರ್, ಸರಾಸರಿ ಗಾತ್ರದ ಶೇ 0.12. ಇದಕ್ಕಿರುವ ಮಿತಿ ಶೇ 0.3. ಇಲ್ಲೂ ಪಾಸು.

ಎರಡು ಅಂಕಿಗಳನ್ನು ಬೇರೆಬೇರೆಯಾಗಿಯೇ ಓದಬೇಕು, ಏಕೆಂದರೆ ಅವು ಬೇರೆಬೇರೆ ರೋಗಗಳ ಲಕ್ಷಣ. ಹತ್ತೂ ಅಳತೆ ಒಂದೆಡೆ ಗುಂಪಾಗಿದ್ದು ಆ ಗುಂಪೇ 200ರಿಂದ ದೂರವಿದ್ದರೆ ಪಿಪೆಟ್ಟಿನ ಹೊಂದಾಣಿಕೆ ತಪ್ಪಿದೆ ಎಂದು ಅನುಮಾನಿಸಬಹುದು. ಸರಾಸರಿ ಸರಿಯಾಗಿದ್ದು ಅಳತೆಗಳು ಚದುರಿದ್ದರೆ ಟಿಪ್ ಸರಿಯಾಗಿ ಕೂತಿಲ್ಲ, ಒಳಗಿನ ಸೀಲ್ ಸವೆದಿದೆ ಅಥವಾ ಕೈ ಪಳಗಿಲ್ಲ. ಒಂದರಿಂದ ಹತ್ತರವರೆಗೆ ಅಂಕಿಗಳು ಮೆಟ್ಟಿಲಿಳಿದಂತೆ ಇಳಿಯುತ್ತಿದ್ದರೆ ಪಿಪೆಟ್ ಕೈಯಲ್ಲಿ ಬಿಸಿಯಾಗುತ್ತಿರಬಹುದು. ಸೋರಿಕೆಯ ಅನುಮಾನವಿದ್ದರೆ ಟಿಪ್ ತುಂಬಿಸಿ ಅರ್ಧ ನಿಮಿಷ ನೆಟ್ಟಗೆ ಹಿಡಿದು ನೋಡಿ. ತುದಿಯಲ್ಲಿ ಹನಿ ಕಟ್ಟಿದರೆ ಗಾಳಿ ಎಲ್ಲೋ ಒಳಗೆ ನುಸುಳುತ್ತಿದೆ.

200ರಲ್ಲಿ ಪಾಸಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನಮ್ಮ ಪಿಪೆಟ್ 1.38 ಮೈಕ್ರೋಲೀಟರ್ ಕಡಿಮೆ ಕೊಟ್ಟಿದೆ. ಗಾತ್ರವನ್ನು 20ಕ್ಕೆ ಇಳಿಸಿದಾಗಲೂ ಅಷ್ಟೇ ಕಡಿಮೆ ಬಂದರೆ ದೋಷ ಶೇ 6.9 ಆಗುತ್ತದೆ. ಆದ್ದರಿಂದಲೇ ಪೂರ್ಣ ಗಾತ್ರ, ಅದರ ಅರ್ಧ, ಅದರ ಹತ್ತನೇ ಒಂದು ಭಾಗ ಹೀಗೆ ಮೂರು ಕಡೆ ಪರೀಕ್ಷಿಸುವುದು ರೂಢಿ. ಆದರೆ 20 ಮೈಕ್ರೋಲೀಟರ್‌ಗೆ ನಾಲ್ಕಂಕಿಯ ತಕ್ಕಡಿ ಸಾಲದು. ಅದರ ಒಂದು ಅಂಕಿಯ ಏರಿಳಿತವೇ ಅಲ್ಲಿ ಶೇ 0.5 ಆಗಿಬಿಡುತ್ತದೆ. 0.01 ಮಿಲಿಗ್ರಾಂ ಓದುವ ಐದಂಕಿಯ ತಕ್ಕಡಿ ಬೇಕು.

ಫಲಿತಾಂಶ ಮಿತಿ ಮೀರಿದರೆ ತಕ್ಷಣ ಹೊಂದಾಣಿಕೆಯ ತಿರುಪಿಗೆ ಕೈ ಹಾಕಬಾರದು. ಮೊದಲು ಟಿಪ್ ಬದಲಿಸಿ, ಆಮೇಲೆ ಬೇರೊಬ್ಬರ ಕೈಯಲ್ಲಿ ಇನ್ನೊಮ್ಮೆ ಹತ್ತು ಸುತ್ತು ಮಾಡಿಸಬೇಕು. ಅವರ ಕೈಯಲ್ಲಿ ಅಂಕಿ ಸರಿಬಂದರೆ ಸರಿಪಡಿಸಬೇಕಾದದ್ದು ಹಿಡಿಯುವ ರೀತಿಯನ್ನು. ಇಬ್ಬರ ಕೈಯಲ್ಲೂ ಅಷ್ಟೇ ತಪ್ಪಿದರೆ ಮಾತ್ರ ಪಿಪೆಟ್ ಬಿಚ್ಚಿ ಸೀಲ್ ನೋಡಿ, ಹೊಂದಾಣಿಕೆ ಮಾಡಿ, ಮತ್ತೆ ಮೂರೂ ಗಾತ್ರಗಳಲ್ಲಿ ತೂಗಬೇಕು. ಪಾಸಾದ ಪಿಪೆಟ್ಟಿನ ಬಗ್ಗೆ ಈ ಪರೀಕ್ಷೆ ಹೇಳುವುದು ನೀರಿನ ಮಟ್ಟಿಗೆ ಮಾತ್ರ. ಗ್ಲಿಸರಾಲ್ ಟಿಪ್ಪಿನ ಗೋಡೆಗೆ ಅಂಟಿಕೊಂಡು ಕಡಿಮೆ ಬೀಳುತ್ತದೆ, ಎಥನಾಲ್ ಬೇಗ ಆವಿಯಾಗಿ ತಾನಾಗಿಯೇ ತೊಟ್ಟಿಕ್ಕುತ್ತದೆ. ಅಂಥ ದ್ರವಗಳನ್ನೇ ದಿನವೂ ಅಳೆಯುವವರು ಅವನ್ನೇ ತಕ್ಕಡಿಯಲ್ಲಿಟ್ಟು, ನೀರಿನ ಗುಣಕದ ಬದಲು ಆ ದ್ರವದ ಸಾಂದ್ರತೆಯನ್ನು ಹಿಡಿದು ಲೆಕ್ಕ ಹಾಕಬೇಕಾಗುತ್ತದೆ.