ಡಬ್ಬಿಯ ಬಟಾಣಿಯಲ್ಲಿ ಜೀವಸತ್ವ ಉಳಿದಿರುತ್ತದೆಯೇ?
(ಕಾಲೇಜಿನ ಪೌಷ್ಟಿಕ ಆಹಾರ ಸಂಘದ ಸದಸ್ಯೆಯೊಬ್ಬರ ಭಾಷಣ)

ತಾಜಾ ತರಕಾರಿಯೊಂದೇ ಸತ್ವಯುತ, ಹಿಮಗಟ್ಟಿಸಿದ್ದು ಸಪ್ಪೆ, ಡಬ್ಬಿಯದು ಬರಿಯ ಹೊಟ್ಟು ಎಂಬುದಾಗಿ ನಮ್ಮ ಸಂಘಕ್ಕೆ ಬರುವ ಗೃಹಿಣಿಯರಲ್ಲಿ ಅನೇಕರು ಹೇಳುವುದುಂಟು. ಇದನ್ನು ಹಸಿ ಬಟಾಣಿಯೊಂದನ್ನೇ ಹಿಡಿದು ಪರೀಕ್ಷಿಸೋಣ. ಅಳೆಯುವುದಕ್ಕೆ ಸಿ ಜೀವಸತ್ವವನ್ನು ತೆಗೆದುಕೊಳ್ಳುತ್ತೇನೆ. ಗಾಳಿ, ಬಿಸಿ, ನೀರು ಮೂರಕ್ಕೂ ಬೇಗ ಸೋಲುವುದು ಅದೇ.

ಆಗತಾನೆ ಬಿಡಿಸಿದ ನೂರು ಗ್ರಾಂ ಬಟಾಣಿಯಲ್ಲಿ ಈ ಜೀವಸತ್ವ ಸುಮಾರು 40 ಮಿಲಿಗ್ರಾಂ ಇರುತ್ತದೆ. ಆದರೆ ಕಾಯಿ ಬಳ್ಳಿಯಿಂದ ಬೇರೆಯಾದ ಮೇಲೂ ಅದರೊಳಗಿನ ಕಿಣ್ವಗಳು ಸುಮ್ಮನಿರುವುದಿಲ್ಲ. ಮಂಡಿಯ ಸೆಕೆಯಲ್ಲಿಯೂ ಗಾಡಿಯ ಬಿಸಿಲಿನಲ್ಲಿಯೂ ಎರಡು ದಿನ ಕಳೆದರೆ ದೊಡ್ಡ ಪಾಲೇ ನಷ್ಟವಾಗಬಹುದು. ಆದುದರಿಂದ ತಾವು ಕೊಂಡ ಕಾಯಿ ತಾಜಾ ಎಂಬುದು ಹೆಸರಿಗೆ ಮಾತ್ರವಾಗಿರಲೂ ಸಾಕು.

ಹಿಮಗಟ್ಟಿಸುವವರು ಮಾಡುವುದೇನು? ಕೊಯ್ದ ಕೆಲವೇ ಗಂಟೆಗಳೊಳಗೆ ಕಾಳನ್ನು ಒಂದೆರಡು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದು, ಕೂಡಲೇ ತಣಿಸಿ, ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗೆ ಇಡುತ್ತಾರೆ. ಕುದಿನೀರು ಕಿಣ್ವವನ್ನು ಕೊಲ್ಲುತ್ತದೆ, ಜೊತೆಗೆ ಸ್ವಲ್ಪ ಜೀವಸತ್ವವನ್ನೂ ತೊಳೆದುಬಿಡುತ್ತದೆ. ಅದೊಂದು ಸುಂಕ ತೆತ್ತಮೇಲೆ ನಷ್ಟ ಬಹಳ ನಿಧಾನ. ಮನೆಯಲ್ಲಿ ಅದ್ದದೆಯೇ ಹಿಮಗಟ್ಟಿಸಿದ ಕಾಳು ಕೆಲವು ವಾರಗಳಲ್ಲಿ ಬಣ್ಣಗೆಟ್ಟು ಒಣಹುಲ್ಲಿನ ವಾಸನೆ ಬೀರುವುದಕ್ಕೆ ಕಾರಣ, ಕಿಣ್ವ ಜೀವಂತವಾಗಿ ಉಳಿದದ್ದೇ. ಅಂಗಡಿಯ ಚೀಲದಲ್ಲಿ ಕಾಳುಗಳು ಬಿಡಿಬಿಡಿಯಾಗಿರದೆ ಗಡ್ಡೆ ಕಟ್ಟಿದ್ದರೆ, ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರಬಹುದೆಂದು ತಿಳಿದು ಬಿಟ್ಟುಬಿಡಿ.

ಡಬ್ಬಿಯಲ್ಲಿ ಬಿಸಿ ಹೆಚ್ಚು. ಮುಚ್ಚಿದ ಮೇಲೆ ಸುಮಾರು 120 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಸಿ ಮಾತ್ರವಲ್ಲದೆ ಬಿ-ಒಂದು ಜೀವಸತ್ವಕ್ಕೂ ಇಲ್ಲಿ ಪೆಟ್ಟು ಬೀಳುತ್ತದೆ. ಆದರೆ ಒಳಗೆ ಗಾಳಿ ಬಹಳ ಕಡಮೆಯಾದುದರಿಂದ ಆಮೇಲಿನ ನಷ್ಟ ಅಲ್ಪ. ಎ ಜೀವಸತ್ವದ ಮೂಲವಾದ ಕೆರೋಟಿನ್ ಮೂರು ವಿಧದಲ್ಲಿಯೂ ಬಹುಮಟ್ಟಿಗೆ ಉಳಿಯುತ್ತದೆ.

ಈಗ ತಟ್ಟೆಯ ಲೆಕ್ಕ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಬೇಯಿಸಿ ನೀರು ಬಸಿದ ನೂರು ಗ್ರಾಂ ತಾಜಾ ಬಟಾಣಿಯಲ್ಲಿ ಸುಮಾರು 14 ಮಿಲಿಗ್ರಾಂ, ಹಿಮಗಟ್ಟಿಸಿದ್ದನ್ನು ಹಾಗೆಯೇ ಬೇಯಿಸಿದರೆ ಸುಮಾರು 10, ಡಬ್ಬಿಯದರಲ್ಲಿ ಅದಕ್ಕಿಂತ ತುಸು ಕಡಮೆ. ನಲವತ್ತರಿಂದ ಹದಿನಾಲ್ಕಕ್ಕೆ ಇಳಿದದ್ದು ನಮ್ಮದೇ ಪಾತ್ರೆಯಲ್ಲಿ! ಸಾಗುವಿಗೆ ಬೇಯಿಸಿದ ನೀರನ್ನು ಬಸಿದು ಚೆಲ್ಲುವವರು ಇದನ್ನು ಗಮನಿಸಬೇಕು. ಡಬ್ಬಿಯ ನೀರಿನಲ್ಲಿಯೂ ಕರಗಿದ ಜೀವಸತ್ವವಿದೆ. ಅದನ್ನು ಸಾರಿಗೆ ಬೆರೆಸಬಹುದು, ಆದರೆ ಅದರಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪನ್ನು ಕೈ ಹಿಡಿದು ಹಾಕಿ. ಡಬ್ಬಿಯ ಕಾಳು ಬೆಂದದ್ದೇ ಆದುದರಿಂದ ಕೊನೆಯಲ್ಲಿ ಹಾಕಿ ಬಿಸಿ ಮಾಡಿದರೆ ಸಾಕು.

ಚೀಟಿಯನ್ನೂ ಓದಿರಿ. ಒಣ ಬಟಾಣಿಯನ್ನು ನೆನೆಸಿ ಡಬ್ಬಿಗೆ ತುಂಬಿದ್ದೂ ಮಾರಾಟಕ್ಕೆ ಬರುತ್ತದೆ. ಅದರಲ್ಲಿ ಸಿ ಜೀವಸತ್ವವನ್ನು ಹುಡುಕಿ ಫಲವಿಲ್ಲ. ಇನ್ನು ಉಬ್ಬಿದ ಡಬ್ಬಿಯನ್ನಂತೂ ರುಚಿ ನೋಡುವುದಕ್ಕೂ ತೆರೆಯದೆ ಎಸೆದುಬಿಡತಕ್ಕದ್ದು.